ಹತ್ತು ಸೆಕೆಂಡಿನ ಮೌನ

ಶಾಲೆಯ ವಾರ್ಷಿಕೋತ್ಸವದ ನೇರಪ್ರಸಾರದಲ್ಲಿ ಮೂರು ಕ್ಯಾಮೆರಾಗಳ ಚಿತ್ರ ಬದಲಿಸುವ ಹೊಣೆ ಕಂಪ್ಯೂಟರ್ ಮೇಷ್ಟ್ರದು. ವೇದಿಕೆಯ ಮೈಕುಗಳು ಹತ್ತು ಸೆಕೆಂಡು ಸುಮ್ಮನಾದರೆ ಹಿಂಬದಿ ಕ್ಯಾಮೆರಾದ ಮೈಕು ತಾನಾಗಿ ಪ್ರಸಾರಕ್ಕೆ ಬರುವಂತೆ ಅವರೇ ಏರ್ಪಾಡು ಮಾಡಿದ್ದರು. ತೀರಿಕೊಂಡ ಸಂಗೀತದ ಟೀಚರಿಗಾಗಿ ಒಂದು ನಿಮಿಷ ಮೌನವಿದೆ ಎಂಬುದು ಮಾತ್ರ ಅವರ ಹಾಳು ತಲೆಗೆ ಹೊಳೆದಿರಲಿಲ್ಲ.

“ಒಂದನೇ ಕ್ಯಾಮೆರಾ, ಟೀಚರ್ ಫೋಟೋ ಮೇಲೇ ಇರಪ್ಪ,” ಎಂದರು ಹೆಡ್‌ಸೆಟ್ಟಿನಲ್ಲಿ. ಸಭೆ ಎದ್ದು ನಿಂತಿತು.

ಹನ್ನೊಂದನೇ ಸೆಕೆಂಡಿಗೆ ಪ್ರಸಾರದಲ್ಲಿ ಬಿಕ್ಕಿ ಅಳುವ ಸದ್ದು ಕೇಳಿಸಿತು. ಹಿಂಬದಿ ಕ್ಯಾಮೆರಾ ಹಿಡಿದಿದ್ದವನು ಟೀಚರ ತಮ್ಮ. ಅಕ್ಕನ ಹೆಣದ ಮುಂದೆಯೂ ಹನಿ ಕಣ್ಣೀರು ಹಾಕದ ಕಲ್ಲೆದೆಯವನೆಂದು ಎಲ್ಲರೂ ಆಡಿಕೊಂಡಿದ್ದರು.

ತಮ್ಮನ್ನು ತಾವೇ ಬೈದುಕೊಳ್ಳುತ್ತಾ ಮೇಷ್ಟ್ರು ಆ ಮೈಕು ನಿಲ್ಲಿಸುವ ಸೆಟ್ಟಿಂಗ್ ಹುಡುಕುವಷ್ಟರಲ್ಲಿ ಅರ್ಧ ನಿಮಿಷ ಕಳೆಯಿತು. ಮನೆಯಲ್ಲಿ ನೋಡುತ್ತಿದ್ದ ಆ ಹುಡುಗನ ತಾಯಿಯ ಸಂದೇಶ ಪ್ರಸಾರದ ಚಾಟ್‌ನಲ್ಲಿ ಮೂಡಿತು: “ಅತ್ತುಬಿಡು ಕಂದಾ.”

ಮೇಷ್ಟ್ರು ಮೌಸಿನಿಂದ ಕೈ ತೆಗೆದರು.