ಸ್ಟುಡಿಯೋನೂ ಇತ್ತು, ಲಿಂಕೂ ಇತ್ತು

ತಿಲಕ್ ನಗರದಲ್ಲಿ ಇಪ್ಪತ್ತೆಂಟು ವರ್ಷಗಳಿಂದ ಮಕ್ಕಳ ಕ್ಲಿನಿಕ್ ನಡೆಸುತ್ತಿರುವ ಡಾಕ್ಟರ್ ಪಂಕಜಾ ಆ ಇಮೇಲನ್ನು ಮೂರು ಸಲ ಓದಿದರು. ಬರೆದವಳು ವಿಭಾ ಎಂಬ ಹುಡುಗಿ. ‘ನಮ್ಮ ಪಾಡ್‌ಕಾಸ್ಟಿಗೆ ಅತಿಥಿಯಾಗಿ ಬರಬೇಕು. ವಿಷಯ, ಮಕ್ಕಳ ಜ್ವರ. ಭಾನುವಾರ ಬೆಳಗ್ಗೆ ಹನ್ನೊಂದಕ್ಕೆ, ನಲವತ್ತು ನಿಮಿಷ. ಪ್ರಶ್ನೆಗಳನ್ನು ಮೊದಲೇ ಕಳಿಸುತ್ತೇವೆ. ರೋಗಿಗಳ ಹೆಸರು ಹೇಳುವುದು ಬೇಡ.’

ಅಲ್ಲಿಯವರೆಗೆ ಸರಿ. ಮುಂದೆ ‘ಕೆಳಗಿನ ಲಿಂಕ್ ಒತ್ತಿ, ಫ್ಯಾನ್ ಆರಿಸಿ, ಇಯರ್‌ಫೋನ್ ಹಾಕಿಕೊಂಡು ಕೂರಿ’ ಎಂದಿತ್ತು. ಅದರ ಕೆಳಗೇ ‘ಸ್ಟುಡಿಯೋ ಜೆ.ಪಿ. ನಗರದಲ್ಲಿದೆ, ಮೂರನೇ ಮಹಡಿ, ಹತ್ತು ನಿಮಿಷ ಮೊದಲೇ ಬನ್ನಿ’ ಎಂದೂ ಇತ್ತು. ಸ್ಟುಡಿಯೋಗೆ ಹೋಗುವುದಾದರೆ ಯಾರ ಮನೆಯ ಫ್ಯಾನ್ ಆರಿಸುವುದು? ಕೇಳಿದರೆ ಏನೂ ಗೊತ್ತಿಲ್ಲದವಳು ಅಂದುಕೊಂಡಾರೆಂದು, ‘ಆಗಲಿ’ ಎಂದಷ್ಟೇ ಉತ್ತರಿಸಿದರು.

ಭಾನುವಾರ ಆಟೋ ಹಿಡಿದು ಹೋಗಿ ಮೂರು ಮಹಡಿ ಹತ್ತಿದರೆ ಬಾಗಿಲಿಗೆ ಬೀಗ. ಕೆಳಗಿನ ಮನೆಯಿಂದ ಓನರ್ ಲಕ್ಷ್ಮಮ್ಮ ಹೊರಬಂದರು.

“ಅವ್ರು ಖಾಲಿ ಮಾಡಿ ಎರಡ್ ತಿಂಗ್ಳಾಯ್ತಲ್ಲಮ್ಮ.”

ಇದು ಮೋಸವಿರಬಹುದೇ ಎಂದು ಪಂಕಜಾರಿಗೆ ಗಾಬರಿಯಾಯಿತು. ಅಷ್ಟರಲ್ಲಿ ವಿಭಾಳ ಫೋನ್ ಬಂತು.

“ಮೇಡಂ, ಲಿಂಕಲ್ಲಿ ನಿಮಗೋಸ್ಕರ ಕಾಯ್ತಿದೀವಿ.”

“ನಾನು ನಿಮ್ಮ ಬಾಗ್ಲಲ್ಲೇ ನಿಂತಿದೀನಲ್ಲಮ್ಮ.”

“ಯಾವ ಬಾಗ್ಲು ಮೇಡಂ?”

ಸ್ಟುಡಿಯೋ ಇದ್ದಾಗಿನ ಹಳೆಯ ಇಮೇಲಿನ ಸಾಲುಗಳು ಹೊಸದರಲ್ಲಿ ಉಳಿದುಬಿಟ್ಟಿದ್ದವು. ವಿಭಾ ನಾಲ್ಕು ಸಲ ಸಾರಿ ಕೇಳಿದಳು. ಮನೆಗೆ ವಾಪಸ್ ಹೋಗಲು ಹೊತ್ತಿರಲಿಲ್ಲ. ಎಲ್ಲ ಕೇಳಿಸಿಕೊಂಡ ಲಕ್ಷ್ಮಮ್ಮ, “ಡಾಕ್ಟ್ರಾ ನೀವು? ನಮ್ಮನೇಲೇ ಕೂತು ಮಾತಾಡಿ” ಎಂದು ಒಳಗೆ ಕರೆದೊಯ್ದರು.

ಹಾಸಿಗೆ, ಬಟ್ಟೆಗಂಟು ತುಂಬಿದ್ದ ಕೋಣೆ ಅದು. ಬಟ್ಟೆಗಳಿದ್ದರೆ ದನಿ ಗುಂಯ್‌ಗುಡುವುದಿಲ್ಲ, ಅದೇ ಒಳ್ಳೆಯದು ಎಂದಳು ಫೋನಿನಲ್ಲಿ ವಿಭಾ. ಪಂಕಜಾ ಫ್ಯಾನ್ ಆರಿಸಿ, ಫೋನಿನಲ್ಲೇ ಲಿಂಕ್ ತೆರೆದು, ಚೀಲದಲ್ಲಿದ್ದ ಇಯರ್‌ಫೋನ್ ಸಿಕ್ಕಿಸಿಕೊಂಡರು. ಬೆವರು ಇಳಿಯುತ್ತಿದ್ದರೂ ನಲವತ್ತು ನಿಮಿಷ ಚೆನ್ನಾಗಿಯೇ ಮಾತಾಡಿದರು.

ಕೊನೆಗೆ ವಿಭಾ ಹೇಳಿದಳು. “ಪೇಜ್ ಮುಚ್ಬೇಡಿ ಮೇಡಂ. ನಿಮ್ಮ ಆಡಿಯೋ ನಿಮ್ಮ ಫೋನಲ್ಲೇ ಸೇವ್ ಆಗಿದೆ. ಅಪ್‌ಲೋಡ್ ಪೂರ್ತಿ ಆಗಿ ನಮಗೆ ಬಂದು ಸೇರ್ಬೇಕು.”

“ನೀವೆಲ್ಲ ಕೇಳಿಸ್ಕೊಂಡ್ರಲ್ಲ, ಇನ್ನೆಲ್ಲಿಗೆ ಹೋಗ್ಬೇಕು ಅದು?”

ವಿಭಾ ಏನೋ ವಿವರಿಸಿದಳು. ಪಂಕಜಾರಿಗೆ ಅರ್ಥವಾಗಲಿಲ್ಲ. ತುಂಬಿದ ಲೋಟದಂತೆ ಫೋನನ್ನು ಅಲ್ಲಾಡಿಸದೆ ಹಿಡಿದು ಕುಳಿತರು.

ಲಕ್ಷ್ಮಮ್ಮ ಕಾಫಿ ತಂದು, ಫ್ಯಾನ್ ಹಾಕಿದರು. “ಬಾಗ್ಲಾಚೆ ನಿಂತು ಕೇಳ್ತಿದ್ದೆ. ಮೊಮ್ಮಗೂಗೆ ಜ್ವರ ಬಂದ್ರೆ ನಾನು ಎರಡು ಕಂಬ್ಳಿ ಹೊದಿಸ್ತೀನಿ. ಸರಿನಾ?”

“ಬೇಡಮ್ಮ. ತೆಳ್ಳಗಿರೋ ಬಟ್ಟೆ ಸಾಕು, ಗಾಳಿ ಆಡ್ಲಿ.”

“ಹೌದಾ?” ಲಕ್ಷ್ಮಮ್ಮನ ಮುಖ ಸಪ್ಪಗಾಯಿತು. “ನನ್ನ ಮೂರು ಮಕ್ಳಿಗೂ ಹಂಗೇ ಹೊದಿಸ್ದೆ.”

“ಎಲ್ರೂ ಹಂಗೇ ಮಾಡೋದು, ಬೇಜಾರ್ ಮಾಡ್ಕೋಬೇಡಿ.” ಕಂಬಳಿಯ ಮಾತನ್ನು ಪಾಡ್‌ಕಾಸ್ಟಿನಲ್ಲಿ ತಾವು ಹೇಳಲೇ ಇಲ್ಲವೆಂದು ಪಂಕಜಾರಿಗೆ ಆಗ ಹೊಳೆಯಿತು. ಅಪ್‌ಲೋಡ್ ಮುಗಿದದ್ದೇ ವಿಭಾಳಿಗೆ ಫೋನ್ ಮಾಡಿದರು.

“ಇನ್ನೊಂದು ಮಾತು ಸೇರಿಸ್ಬೇಕಮ್ಮ, ಲಕ್ಷ್ಮಮ್ಮೋರ ಪ್ರಶ್ನೆ.”

“ಯಾವ ಲಕ್ಷ್ಮಮ್ಮ ಮೇಡಂ?”

“ಹೇಳ್ತೀನಿ. ಮೊದ್ಲು ಆ ಲಿಂಕ್ ಇನ್ನೊಂದ್ಸಲ ಕಳ್ಸಿ” ಎಂದು ಪಂಕಜಾ ಎದ್ದು ಮತ್ತೆ ಫ್ಯಾನ್ ಆರಿಸಿದರು.