ಮೂರನೇ ಸಾಲಿನ ಅಂಜಿಕಿ

ಮಾಳಮಡ್ಡಿಯ ದ್ರಾಕ್ಷಾಯಿಣಿ ಊರ ಹೊರಗಿನ ಬೇಲೂರು ಇಂಡಸ್ಟ್ರಿಯಲ್ ಏರಿಯಾದ ಒಂದು ಕಾರ್ಖಾನಿಯ ಸ್ಟೋರಿನ್ಯಾಗ ಕೆಲಸ ಮಾಡ್ತಿದ್ದಳು. ಲಗ್ನಕ್ಕಿಂತ ಮೊದಲು ಕವಿತಾ ಬರೀತಿದ್ದಾಕಿ, ಆಮ್ಯಾಲ ಒಂದಕ್ಷರನೂ ಇಲ್ಲ. ನಲವತ್ತಾರು ದಾಟಿದ ಮ್ಯಾಲ ಮತ್ತ ಶುರು ಮಾಡಿದ್ದಳು. ಏನ್ ಅಂಜಿಕಿ ಅಂತೀರಿ! ಕಾರ್ಖಾನಿ ಬಸ್ಸಿನ್ಯಾಗ ಬರಿಯಾಕಂತ ಮೊಬೈಲ್ ತೆಗದಾಕಿ ಮತ್ತ ಚೀಲಕ್ಕ ಹಾಕ್ತಿದ್ದಳು. ತನ್ನೊಳಗ ಏನೂ ಉಳಿದಿಲ್ಲಂದ್ರ?

ತಾನ ಒಂದು ಕಟ್ಟುಪಾಡು ಮಾಡ್ಕೊಂಡಿದ್ದಳು: ಕೆಲಸಕ್ಕ ಹೋಗುವಾಗ ಎಷ್ಟಾರ ಕೆಟ್ಟದಾಗಲಿ, ಬರೀಬೇಕು, ರವಿವಾರದ ತನಕ ಅಳಸೋಹಂಗಿಲ್ಲ. ಮೊದಮೊದಲು ಬಂದದ್ದೆಲ್ಲಾ ಆಫೀಸಿನ ಅರ್ಜಿ ಇದ್ದಂಗಿತ್ತು. ಒಂದಿನ ರೊಟ್ಟಿ ಬಡಿಯೂವಾಗ ಅತ್ತಿ ಶಿವಲಿಂಗವ್ವನ ಬೀಸೂ ಪದದ ಧಾಟಿ ಕೈಗೆ ಹತ್ತಿತು. ಮೂರು ಸಾಲಿನ ತ್ರಿಪದಿ. ಅದರಾಗ ಕುಂತಿತು ನೋಡ್ರಿ ಮಾತು!

ಮುಂದಿನ ವಾರ ಗೆಳತಿ ನಿಶಾತಳ ಮನ್ಯಾಗ ಕವಿತಾ ಓದೂ ಕೂಟ ಇತ್ತು. "ಬರ್ತೇನಿ" ಅಂತ ಒಪ್ಪಿಬಿಟ್ಟಿದ್ದಳು. ಬಾಯಿಬಿಟ್ಟು ಓದದ ಹೊರತು ಸಾಲು ಕುಂಟೋದು ತಿಳಿಯೂದಿಲ್ಲ. ಅದಕ್ಕ ರವಿವಾರ ಮುಂಜಾನೆ ಅತ್ತಿ ಮುಂದ ಕುಂತಳು. ಗಂಡ ಗುರುಪಾದ ಅಲ್ಲೇ ಪೇಪರ್ ಓದಾಕತ್ತಿದ್ದ. ಆಕಿ ಒಂದೊಂದ ಓದಕೋತ ಕಡೀದಕ್ಕ ಬಂದಳು. ಆ ಪದ ಗಂಡನ ಮ್ಯಾಲ ಬರದದ್ದಿತ್ತು.

"ಹಿಟ್ಟ ನಾದೂವಾಗ ಹುಟ್ಟಿತ್ತ ಹಾಡೊಂದ,
ರೊಟ್ಟಿ ಹಂಚಿನ್ಯಾಗ ಬಿಟ್ಟೋಡಿ ಬರದಿದ್ದೆ..."

ಅಷ್ಟಕ್ಕ ನಿಂತಳು. "ಮುಗೀತ್ರಿ ಅತ್ತಿ."

"ಎಲ್ಲಿ ಮುಗೀತ?" ಶಿವಲಿಂಗವ್ವ ಹುಬ್ಬು ಗಂಟಿಕ್ಕಿದಳು. "ಎರಡಕ್ಕ ಪದ ನಿಲ್ಲತೈತೇನವ್ವಾ? ನುಂಗಬ್ಯಾಡ, ಹೇಳು."

ಗುರುಪಾದ ಪೇಪರ್ ಕೆಳಗಿಟ್ಟ. ಅವನ ಮಾರಿ ನೋಡೂ ಧೈರ್ಯ ಇಲ್ದ, ದ್ರಾಕ್ಷಾಯಿಣಿ ನೆಲಾ ನೋಡಿ ಅಂದಳು:

"ನಟ್ಟಿತೋ ನಿನ್ನ ನಗಿ ಮುಳ್ಳ."

ಈಗ ಸಿಟ್ಟಾಗ್ತಾನ, ಇಲ್ಲಾ ಮತ್ತ ನಗ್ತಾನ ಅಂತ ಆಕಿ ಹಲ್ಲು ಕಚ್ಚಿ ಕುಂತಳು.

"ಯಾರ ನಗಿ?" ಅಂದ ಗುರುಪಾದ.

"ನಿಮ್ದರಿ. ಲಗ್ನಾದ ವರ್ಷ, ನಿಮ್ಮ ಗೆಳ್ಯಾರ ಮುಂದ ನನ್ನ ಕವಿತಾ ಓದಿ ನಕ್ಕಿದ್ರಿ. ಅವತ್ತಿಂದ ನಾ ಬಿಟ್ಟೆ."

ಅಂವ ನೆನಪು ಮಾಡ್ಕೊಳ್ಳಾಕ ಖರೇನ ಪ್ರಯತ್ನ ಮಾಡಿದ, ಪಾಪ. "ಅಲ್ಲೇ, ನನಗ ನೆನಪ ಇಲ್ಲ. ನಕ್ಕಿದ್ರ ತಪ್ಪಾತು. ಆದ್ರ ಆಮ್ಯಾಲ ನಾ ಎಂದರ ಬರೀಬ್ಯಾಡ ಅಂದೇನೇನು?"

ಅಂದಿರಲಿಲ್ಲ. ಒಂದ್ಸಲನೂ ಅಂದಿರಲಿಲ್ಲ.

ದ್ರಾಕ್ಷಾಯಿಣಿ ಇಷ್ಟು ವರ್ಷ ಆ ನಗೀನ ತನ್ನ ಬಾಯಿ ಹಿಡದೈತಿ ಅಂತ ನಂಬಿದ್ದಳು. ಅದು ಹಿಡದಿರಲಿಲ್ಲಂದ್ರ ಹಿಡದಾಕಿ ಯಾರು?

"ಪದ ಛಲೋ ಐತಿ," ಅಂದಳು ಶಿವಲಿಂಗವ್ವ. "ಇನ್ನೊಂದು ಹೇಳು."

ಇನ್ನೊಂದು ಇರಲಿಲ್ಲ. ಸೋಮವಾರ ಬಸ್ ಹತ್ತಿ ಕುಂತಾಗ ತಪ್ಪು ಹೊರಸಾಕ ಆಕಿಗೆ ಬ್ಯಾರೆ ಯಾರೂ ಉಳಿದಿರಲಿಲ್ಲ. ಅಂಜಿಕಿ ಎಂದಿಗಿಂತ ಹೆಚ್ಚಿತ್ತು, ಆದರೂ ಮೊಬೈಲ್ ತೆಗದು ಮೊದಲನೇ ಸಾಲು ಬರದಳು: "ನನ್ನ ಬಾಯಿಗೆ ನಾನ ಕೈ ಇಟ್ಟಿದ್ದೆ."