ಮಧ್ಯಾಹ್ನಕ್ಕೆ ಇಳಿಯುವ ಊತ

ಅಮ್ಮ ತೀರಿಕೊಂಡ ಮೇಲೆ ಅವಳು ಬ್ಯೂಟಿ ಪಾರ್ಲರ್ ಬಾಗಿಲು ತೆರೆದದ್ದು ಅವತ್ತೇ ಮೊದಲು. ಹಿಂದೆಯೇ ಚಿಕ್ಕಮ್ಮ ಬಂದರು. ಆ ಪಾರ್ಲರ್ ಶುರುಮಾಡಿದವರೂ ಅವಳಿಗೆ ಕೆಲಸ ಕಲಿಸಿದವರೂ ಅವರೇ. ಅಕ್ಕನಿಗಾಗಿ ಅತ್ತು ಅತ್ತು ಅವರ ಮುಖ ಊದಿಕೊಂಡಿತ್ತು.

"ಇದನ್ನ ಸ್ವಲ್ಪ ನೋಡೇ" ಎಂದು ಕುರ್ಚಿಗೆ ಒರಗಿದರು.

ಅವಳು ಎಣ್ಣೆ ಸವರಿ, ಫ್ರಿಜ್ಜಿನಲ್ಲಿಟ್ಟಿದ್ದ ಜೇಡ್ ಕಲ್ಲಿನ ರೋಲರನ್ನು ಮೂಗಿನ ಪಕ್ಕದಿಂದ ಕಿವಿಯತ್ತ, ಅಲ್ಲಿಂದ ಕತ್ತಿನ ಕೆಳಕ್ಕೆ ಹಗುರವಾಗಿ ಉರುಳಿಸಿದಳು. ಒಂದು ಕೆನ್ನೆ ಮುಗಿದದ್ದೇ ಅಭ್ಯಾಸಬಲದಿಂದ ಕನ್ನಡಿ ಹಿಡಿದಳು. ಆ ಕಡೆ ನಿಜಕ್ಕೂ ಊತ ಇಳಿದಿತ್ತು.

ಚಿಕ್ಕಮ್ಮನ ಕಾಲದಲ್ಲಿ ರೋಲರ್ ಎಲ್ಲಿತ್ತು, ಮುಖ ತೀಡುವ ಗುವಾ ಶಾ ಕಲ್ಲೆಲ್ಲಿತ್ತು? ತಣ್ಣೀರಿನಲ್ಲಿ ಅದ್ದಿಟ್ಟ ಸ್ಟೀಲ್ ಚಮಚವೇ ಎಲ್ಲ. ಮುಖ ಸಣ್ಣಗಾಗುತ್ತಾ ಎಂದು ಕೇಳಿದವರಿಗೆ ಅವರು ಮುಖಕ್ಕೆ ಹೊಡೆದ ಹಾಗೆ ಹೇಳಿಬಿಡುತ್ತಿದ್ದರು: "ಮೂಳೆನೂ ಹಾಗೇ ಇರುತ್ತೆ, ಕೊಬ್ಬೂ ಹಾಗೇ ಇರುತ್ತೆ. ತುಂಬ್ಕೊಂಡಿರೋ ನೀರು ಸ್ವಲ್ಪ ಬೇಗ ಇಳಿಯುತ್ತೆ, ಅಷ್ಟೇ. ಸುಮ್ನೆ ಓಡಾಡ್ಕೊಂಡಿದ್ರೂ ಮಧ್ಯಾಹ್ನಕ್ಕೆ ಇಳಿಯುತ್ತೆ."

ಅದನ್ನು ಎಷ್ಟು ಸಲ ಕೇಳಿದ್ದರೂ ಅಮ್ಮ ಮಾತ್ರ ಬೆಳಬೆಳಗ್ಗೆ ಬಂದು, ತಂಗಿಯ ಕೈಗೆ ಮುಖ ಒಪ್ಪಿಸಿ, ಕಣ್ಣು ಮುಚ್ಚಿ ಕೂರುತ್ತಿದ್ದಳು.

ಚಿಕ್ಕಮ್ಮ ಕನ್ನಡಿಯ ಕಡೆ ನೋಡಲಿಲ್ಲ. ತಮ್ಮಷ್ಟೇ ಊದಿಕೊಂಡಿದ್ದ ಅವಳ ಮುಖವನ್ನೇ ನೋಡುತ್ತಾ ಎದ್ದು ನಿಂತರು.

"ನೀನು ಕೂತ್ಕೋ."

"ನಿಮ್ದಿನ್ನೂ ಅರ್ಧ ಬಾಕಿ ಇದೆ. ನಂದು ಮಧ್ಯಾಹ್ನಕ್ಕೆ ತಾನಾಗೇ ಇಳಿಯುತ್ತೆ ಚಿಕ್ಕಮ್ಮ."

"ನಿಮ್ಮಮ್ಮನಿಗೂ ಅದು ಗೊತ್ತಿತ್ತು. ಕೂತ್ಕೋ."

ಚಿಕ್ಕಮ್ಮ ರೋಲರನ್ನು ಪಕ್ಕಕ್ಕಿಟ್ಟು ಅಂಗೈಗೆ ಎಣ್ಣೆ ಸುರಿದುಕೊಂಡರು.